ಪ್ರಮಾಣವಚನ ಆದ ಮೇಲಿನ ನಾಲ್ಕು ನಿಮಿಷ: ವಿದ್ಯಾರ್ಥಿ ಸಂಘದ ಹೊಸ ಅಧ್ಯಕ್ಷರ ಮಾತನ್ನು ಸಿದ್ಧಪಡಿಸುವುದು ಹೇಗೆ

ಕಾಲೇಜಿನ ಆಹ್ವಾನ ಪತ್ರಿಕೆಯನ್ನು ಕೈಗೆತ್ತಿಕೊಂಡು ಕಾರ್ಯಕ್ರಮದ ಅನುಕ್ರಮ ನೋಡಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಪ್ರಮಾಣವಚನ ಬೋಧನೆ, ಸಂಘದ ಅಧ್ಯಕ್ಷರ ಮಾತು, ಮುಖ್ಯ ಅತಿಥಿಗಳ ಭಾಷಣ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಸಾಮಾನ್ಯವಾಗಿ ಹೀಗಿರುತ್ತದೆ. ಹೊಸ ಅಧ್ಯಕ್ಷರು ಎಡವುವುದು ಈ ಪಟ್ಟಿಯಲ್ಲಿ ತಮ್ಮ ಜಾಗ ಯಾವುದು ಎಂದು ಗಮನಿಸದೆ ಇರುವುದರಿಂದಲೇ. ಸ್ವಾಗತ ಕೋರಿದವರು ಆಗಲೇ ವೇದಿಕೆಯ ಎಲ್ಲರ ಹೆಸರನ್ನೂ ಪದವಿಗಳ ಸಮೇತ ಹೇಳಿರುತ್ತಾರೆ. ಕೊನೆಯಲ್ಲಿ ವಂದಿಸಲು ಬೇರೊಬ್ಬರಿದ್ದಾರೆ. ಕಾರ್ಯಕ್ರಮದ ಅಧ್ಯಕ್ಷತೆ ಪ್ರಾಂಶುಪಾಲರದು, ಆದ್ದರಿಂದ 'ಅಧ್ಯಕ್ಷೀಯ ನುಡಿ' ಅವರದೇ ಹೊರತು ನಿಮ್ಮದಲ್ಲ. ಇದು ಗೊತ್ತಿಲ್ಲದೆ 'ನನ್ನ ಅಧ್ಯಕ್ಷೀಯ ಭಾಷಣವನ್ನು ಆರಂಭಿಸುತ್ತೇನೆ' ಎಂದವರನ್ನು ಮುಂದಿನ ಸಾಲಿನ ಅಧ್ಯಾಪಕರು ಒಂದು ವರ್ಷ ಮರೆಯುವುದಿಲ್ಲ.

ಸ್ವಾಗತ, ವಂದನೆ, ಉಪದೇಶ ಮೂರೂ ಬೇರೆಯವರ ಪಾಲು ಎಂದ ಮೇಲೆ ನಿಮಗೆ ಉಳಿಯುವುದು ಒಂದೇ ಕೆಲಸ. ಇದೀಗ ಮಾಡಿದ ಪ್ರಮಾಣದ ಅರ್ಥ ಈ ಕಾಲೇಜಿನಲ್ಲಿ, ಈ ವರ್ಷ ಏನು ಎಂದು ಹೇಳುವುದು. ಅದಕ್ಕೆ ನಾಲ್ಕು ನಿಮಿಷ ಸಾಕು.

ಮುಂದಿನದನ್ನು ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಎಂದು ಊಹಿಸಿಕೊಂಡು ಹಂತ ಹಂತವಾಗಿ ನೋಡೋಣ. ಹೊಸ ಅಧ್ಯಕ್ಷೆ ಬಿ.ಕಾಂ. ಅಂತಿಮ ವರ್ಷದವಳು. ಹದಿನಾರು ತರಗತಿ ಪ್ರತಿನಿಧಿಗಳಲ್ಲಿ ಒಂಬತ್ತು ಜನ ಅವಳಿಗೆ ಮತ ಹಾಕಿದ್ದಾರೆ. ಕಾಲೇಜೂ ಅಂಕಿಗಳೂ ಉದಾಹರಣೆಗಾಗಿ ಮಾತ್ರ. ನಿಮ್ಮದು ತುಮಕೂರಿನದೋ ಕೋಲಾರದ್ದೋ ಆದರೆ ಊರಿನ ಹೆಸರು, ಬಸ್ಸಿನ ಹೊತ್ತು ಬದಲಾಗುತ್ತದೆ, ವಿಧಾನ ಇದೇ.

ಬರೆಯುವ ಮೊದಲು ಕಚೇರಿಗೆ ಒಂದು ಸುತ್ತು

ಪೆನ್ನು ಹಿಡಿಯುವ ಮುಂಚೆ ಅರ್ಧ ದಿನ ಓಡಾಟಕ್ಕೆ ಇಟ್ಟುಕೊಳ್ಳಿ. ಮೊದಲು ನೀವು ಆಯ್ಕೆಯಾದದ್ದು ಹೇಗೆ ಎಂಬುದನ್ನು ಸರಿಯಾಗಿ ತಿಳಿಯಿರಿ. ಎಲ್ಲ ವಿದ್ಯಾರ್ಥಿಗಳೂ ನೇರವಾಗಿ ಮತ ಹಾಕಿದರೋ, ತರಗತಿ ಪ್ರತಿನಿಧಿಗಳು ಸೇರಿ ಆರಿಸಿದರೋ, ಅಂಕಗಳ ಆಧಾರದ ಮೇಲೆ ನೇಮಕವೋ? ಪ್ರತಿನಿಧಿಗಳು ಆರಿಸಿದ್ದರೆ 'ಈ ಕಾಲೇಜಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ನನ್ನ ಮೇಲೆ ವಿಶ್ವಾಸವಿಟ್ಟು ಮತ ನೀಡಿದ್ದೀರಿ' ಎಂಬ ವಾಕ್ಯ ಸುಳ್ಳಾಗುತ್ತದೆ. ಅದು ಸುಳ್ಳೆಂದು ಎದುರಿಗೆ ಕುಳಿತ ಎಲ್ಲರಿಗೂ ಗೊತ್ತಿರುತ್ತದೆ. ಎದುರಾಳಿಯೇ ಇರಲಿಲ್ಲದಿದ್ದರೆ 'ಅವಿರೋಧ ಆಯ್ಕೆ' ಎನ್ನಬಹುದು, 'ಭರ್ಜರಿ ಗೆಲುವು' ಎನ್ನುವಂತಿಲ್ಲ.

ಪ್ರಮಾಣವಚನದ ಪಠ್ಯವನ್ನೂ ಮೊದಲೇ ಕೇಳಿ ಪಡೆಯಿರಿ. ಕೆಲವು ಕಡೆ ಅದು ಅರ್ಧ ಪುಟದ ಸಂಸ್ಕೃತಮಯ ಕನ್ನಡ, ಇನ್ನು ಕೆಲವು ಕಡೆ ನಾಲ್ಕೇ ಸಾಲು. ಅದರಲ್ಲಿ ಒಂದು ಪದವನ್ನು ಗುರುತು ಹಾಕಿಕೊಳ್ಳಿ: 'ಪಕ್ಷಪಾತವಿಲ್ಲದೆ', 'ಕಾಲೇಜಿನ ಹಿತ', 'ನಿಯಮಗಳಿಗೆ ಬದ್ಧಳಾಗಿ', ಯಾವುದಾದರೂ ಸರಿ. ಮಾತಿನ ಮೊದಲ ವಾಕ್ಯ ಹುಟ್ಟುವುದು ಅಲ್ಲಿಂದ. ಎರಡು ನಿಮಿಷದ ಹಿಂದೆ ನೀವೇ ಉಚ್ಚರಿಸಿದ ಪದ ಸಭಿಕರ ಕಿವಿಯಲ್ಲಿ ಇನ್ನೂ ಇರುತ್ತದೆ. ಅದನ್ನು ಹಿಡಿದರೆ ವಚನದ ಸಾಲು, ಗಾದೆ, ಇಂಗ್ಲಿಷ್ ಉಕ್ತಿ ಯಾವುದನ್ನೂ ಹುಡುಕಿಕೊಂಡು ಹೋಗಬೇಕಿಲ್ಲ.

ಕೊನೆಯದಾಗಿ ಪ್ರಾಂಶುಪಾಲರ ಹತ್ತಿರ, ಅವರಿಗೆ ಬಿಡುವಿಲ್ಲದಿದ್ದರೆ ಕಚೇರಿ ಅಧೀಕ್ಷಕರ ಹತ್ತಿರ, ಈ ವರ್ಷ ಆಗಲೇ ಮಂಜೂರಾಗಿರುವ ಕೆಲಸಗಳು ಯಾವುವು ಎಂದು ವಿಚಾರಿಸಿ. ಕುಡಿಯುವ ನೀರಿನ ಫಿಲ್ಟರ್ ರಿಪೇರಿಗೆ ಮೆಕ್ಯಾನಿಕ್‌ಗೆ ಹೇಳಿ ವಾರವಾಗಿರಬಹುದು. ಅದು ಗೊತ್ತಿಲ್ಲದೆ 'ನೀರಿನ ಸಮಸ್ಯೆಯನ್ನು ನಾನು ಬಗೆಹರಿಸುತ್ತೇನೆ' ಎಂದರೆ, ಮರುದಿನವೇ ಫಿಲ್ಟರ್ ಓಡತೊಡಗಿದಾಗ ಬೇರೆಯವರ ಕೆಲಸಕ್ಕೆ ನಿಮ್ಮ ಹೆಸರು ಅಂಟಿಸಿಕೊಂಡಂತಾಗುತ್ತದೆ. ವಿನಯ ಕೆಡುವುದು ಹೆಚ್ಚಾಗಿ ಹೀಗೆ, ತಿಳಿಯದೆ.

ಭರವಸೆಗಳನ್ನು ಜರಡಿ ಹಿಡಿಯುವುದು

ಚುನಾವಣೆಯ ಹೊತ್ತಿನಲ್ಲಿ ಹೇಳಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಉದಾಹರಣೆಯ ಅಧ್ಯಕ್ಷೆಯ ಹಾಳೆಯಲ್ಲಿ ಆರು ಇವೆ: ವಿದ್ಯಾರ್ಥಿವೇತನದ ಅರ್ಜಿಗೆ ಸಹಾಯ, ಗ್ರಂಥಾಲಯವನ್ನು ಸಂಜೆ ಹೆಚ್ಚು ಹೊತ್ತು ತೆರೆದಿಡುವುದು, ಕುಡಿಯುವ ನೀರು, ಬಟ್ಲಹಳ್ಳಿ ಕಡೆಯ ಸಂಜೆ ಬಸ್ಸಿನ ಹೊತ್ತು, ಕ್ರೀಡಾ ಸಾಮಗ್ರಿ, ಹೊಸ ಸಭಾಂಗಣ.

ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಆಗಬೇಕಾದರೆ ಯಾರ ಸಹಿ ಬೇಕು?

ವಿದ್ಯಾರ್ಥಿವೇತನದ ಸಹಾಯಕ್ಕೆ ಯಾರ ಸಹಿಯೂ ಬೇಡ. ರಾಜ್ಯ ವಿದ್ಯಾರ್ಥಿವೇತನದ SSP ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಹುಡುಗರು ಸಿಕ್ಕಿಬೀಳುವುದು ಕೆಲವೇ ಕಡೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ ಕೈಯಲ್ಲಿರುವುದಿಲ್ಲ, ಆಧಾರ್‌ನಲ್ಲಿರುವ ಹೆಸರೂ ಅಂಕಪಟ್ಟಿಯ ಹೆಸರೂ ಹೊಂದುವುದಿಲ್ಲ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದಿಲ್ಲ. ಇದನ್ನು ತಿಳಿದ ಇಬ್ಬರು ಸೀನಿಯರ್‌ಗಳು ಊಟದ ಬಿಡುವಿನಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತರೆ ಕೆಲಸ ನಡೆಯುತ್ತದೆ. ಮೇಜಿಗೆ ಪ್ರಾಂಶುಪಾಲರ ಬಾಯಿಮಾತಿನ ಒಪ್ಪಿಗೆ ಸಾಕು. ಹಾಗಾಗಿ ಇದು ನೇರ ಭರವಸೆ.

ಗ್ರಂಥಾಲಯದ ಹೊತ್ತಿಗೆ ಪ್ರಾಂಶುಪಾಲರ ಸಹಿ ಬೇಕು. ಅದಕ್ಕಿಂತ ಮುಖ್ಯವಾಗಿ, ಬಾಗಿಲು ಹಾಕಿ ಬೀಗ ಹಾಕುವವರು ಯಾರು ಎಂಬುದಕ್ಕೆ ಉತ್ತರ ಬೇಕು. ಗ್ರಂಥಪಾಲಕರೂ ಬಸ್ಸಿಗೇ ಹೋಗುವವರಾದರೆ ದಿನಾ ಒಂದು ಗಂಟೆ ಹೆಚ್ಚು ಕೂರಿ ಎನ್ನುವುದು ಆಗದ ಮಾತು. ವಾರಕ್ಕೆ ಎರಡು ದಿನ, ತಲಾ ಅರ್ಧ ಗಂಟೆ ಎಂದು ಕೇಳಿದರೆ ಆಗಬಹುದು. ಇದು ವಿನಂತಿ. ಭಾಷಣಕ್ಕೆ ಮುಂಚೆ ಗ್ರಂಥಪಾಲಕರನ್ನು ಒಮ್ಮೆ ಕಂಡು ಬನ್ನಿ. ಅವರ ಕೆಲಸದ ಹೊತ್ತಿನ ಬಗ್ಗೆ ಅವರು ಮೊದಲ ಸಲ ಕೇಳುವುದು ಮೈಕಿನಲ್ಲಿ ಆಗಬಾರದು.

ಬಸ್ಸಿನ ವಿಷಯ ಕಾಲೇಜಿನ ಹೊರಗಿನದು. ಕೆ.ಎಸ್.ಆರ್.ಟಿ.ಸಿ. ಚಿಂತಾಮಣಿ ಘಟಕದ ವ್ಯವಸ್ಥಾಪಕರಿಗೆ ಮನವಿ ಕೊಡಬೇಕು. ಅವರ ಕೈ ಮೀರಿದ್ದಾದರೆ ಅದು ಚಿಕ್ಕಬಳ್ಳಾಪುರದ ವಿಭಾಗೀಯ ಕಚೇರಿಗೆ ಹೋಗುತ್ತದೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ, ಎಷ್ಟು ಜನ, ಯಾವ ಯಾವ ಸ್ಟಾಪಿನಲ್ಲಿ ಇಳಿಯುತ್ತಾರೆ ಎಂಬುದು. ಆ ಪಟ್ಟಿ ಮಾಡುವುದು ಮಾತ್ರ ನಿಮ್ಮ ಕೈಯಲ್ಲಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಲ್ಲಿ ಅನೇಕರು ಪಾಸ್ ಮಾಡಿಸುವುದನ್ನೇ ಬಿಟ್ಟಿರುವುದರಿಂದ ಪಾಸಿನ ಲೆಕ್ಕ ನೋಡಿ ಸಂಖ್ಯೆ ಹೇಳಿದರೆ ಅರ್ಧ ಜನ ಬಿಟ್ಟುಹೋಗುತ್ತಾರೆ. ತರಗತಿ ತರಗತಿಗೆ ಹೋಗಿ ಹೆಸರು ಬರೆಸಿಕೊಳ್ಳಬೇಕು. ಆದ್ದರಿಂದ ಭಾಷಣದಲ್ಲಿ ಪಟ್ಟಿಯ ಭರವಸೆ ಕೊಡಬಹುದು, ಬಸ್ಸಿನದು ಕೊಡುವಂತಿಲ್ಲ.

ಸಭಾಂಗಣ ಇಲಾಖೆಯ ಅನುದಾನದ ಮಾತು. ಒಂದು ವರ್ಷದ ಅಧ್ಯಕ್ಷರಿಗೆ ದಕ್ಕುವಂಥದ್ದಲ್ಲ, ಹೊಡೆದು ಹಾಕಿ. ನೀರು ಆಗಲೇ ನಡೆಯುತ್ತಿರುವ ಕೆಲಸ, ಅದನ್ನೂ ಬಿಡಿ. ಕ್ರೀಡಾ ಸಾಮಗ್ರಿಯ ಮಾತನ್ನು ಎದುರಾಳಿ ಅಭ್ಯರ್ಥಿ ಹೆಚ್ಚು ಚೆನ್ನಾಗಿ ಹೇಳಿದ್ದರು. ಅದನ್ನು ಅವರ ಹೆಸರಿನಲ್ಲೇ ಎತ್ತಿಕೊಳ್ಳಬಹುದು.

ಆರು ಹೋಗಿ ಮೂರೂ ಚಿಲ್ಲರೆ ಉಳಿಯಿತು. ನಾಲ್ಕು ನಿಮಿಷಕ್ಕೆ ಮೂರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಹಿಡಿಸಿದರೂ ಕೇಳಿದವರಿಗೆ ನೆನಪಿರುವುದಿಲ್ಲ.

ಮುಖ್ಯ ಅತಿಥಿಯಾಗಿ ಶಾಸಕರು ಬರುವುದಿದ್ದರೆ ಇನ್ನೊಂದು ಎಚ್ಚರ. ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಆ ಕಾರಣಕ್ಕೆ 'ಇದೇ ಸಮಯ' ಎಂದು ವೇದಿಕೆಯಿಂದಲೇ ಬೇಡಿಕೆಗಳ ಪಟ್ಟಿ ಓದುವ ಆಸೆ ಆಗುತ್ತದೆ. ಹಾಗೆ ಮಾಡಿದರೆ ಪ್ರಾಂಶುಪಾಲರು ಇರಿಸುಮುರಿಸಾಗಿ ಕೂರುತ್ತಾರೆ, ಶಾಸಕರು 'ಪರಿಶೀಲಿಸುತ್ತೇವೆ' ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ, ಕಾಗದದ ಮೇಲೆ ಏನೂ ಉಳಿಯುವುದಿಲ್ಲ. ಬೇಡಿಕೆಯನ್ನು ಮನವಿ ಪತ್ರವಾಗಿ ಬರೆದು, ಪ್ರಾಂಶುಪಾಲರಿಗೆ ಮೊದಲು ತೋರಿಸಿ, ಕಾರ್ಯಕ್ರಮ ಮುಗಿದ ಮೇಲೆ ಅವರ ಮೂಲಕವೇ ಕೊಡಿಸಿ. ಒಂದು ಪ್ರತಿಗೆ ಸ್ವೀಕೃತಿ ಸಹಿ ಪಡೆಯಿರಿ.

ಕ್ರಿಯಾಪದವೇ ಭರವಸೆ

ಕನ್ನಡದಲ್ಲಿ ಭರವಸೆ ಗಟ್ಟಿಯೋ ಜೊಳ್ಳೋ ಎಂದು ತಿಳಿಯುವುದು ವಾಕ್ಯದ ಕೊನೆಯ ಪದದಲ್ಲಿ. 'ಮಾಡುತ್ತೇನೆ' ಎಂದರೆ ಮಾಡುವವರು ನೀವು. 'ಮಾಡಿಸುತ್ತೇನೆ' ಎಂದರೆ ಮಾಡುವವರು ಬೇರೆ ಯಾರೋ, ಅವರು ಯಾರೆಂದು ನೀವು ಹೇಳಿಲ್ಲ. 'ಮಾಡಲಾಗುವುದು' ಎಂದರೆ ಮಾಡುವವರೇ ಇಲ್ಲ, ಅದು ಸೂಚನಾ ಫಲಕದ ಭಾಷೆ. 'ಮಾಡೋಣ' ಎಂದರೆ ಎಲ್ಲರೂ, ಅಂದರೆ ನಾಳೆ ಬೆಳಿಗ್ಗೆ ಯಾರೂ ಇಲ್ಲ.

ಹೊಸ ಅಧ್ಯಕ್ಷರ ಭಾಷಣಗಳು ತುಂಬಿರುವುದು 'ಇಸು' ಸೇರಿದ ಕ್ರಿಯಾಪದಗಳಿಂದ: ಬಸ್ಸು ಬಿಡಿಸುತ್ತೇನೆ, ಫ್ಯಾನು ಹಾಕಿಸುತ್ತೇನೆ, ಶೌಚಾಲಯ ಕಟ್ಟಿಸುತ್ತೇನೆ, ಪುಸ್ತಕ ತರಿಸುತ್ತೇನೆ. ಪ್ರತಿ 'ಇಸು'ವಿನ ಹಿಂದೆ ಒಬ್ಬ ಅಧಿಕಾರಿಯೋ ಗುಮಾಸ್ತರೋ ಬಚ್ಚಿಟ್ಟುಕೊಂಡಿದ್ದಾರೆ. ಬರೆದ ಮೇಲೆ ವಾಕ್ಯಗಳ ಕೊನೆಯ ಪದಗಳಿಗೆ ಮಾತ್ರ ಕೆಂಪು ಗೆರೆ ಎಳೆಯಿರಿ. 'ಇಸು' ಇರುವ ಕಡೆಯೆಲ್ಲ ಆ ಬಚ್ಚಿಟ್ಟುಕೊಂಡವರನ್ನು ಹೊರಗೆ ಕರೆದು, ನೀವು ನಿಜವಾಗಿ ಮಾಡುವ ಕೆಲಸದ ಹೆಸರು ಬರೆಯಿರಿ. 'ಬಸ್ಸು ಬಿಡಿಸುತ್ತೇನೆ' ಎಂಬುದು 'ಬಸ್ಸಿಗೆ ಹೋಗುವವರ ಪಟ್ಟಿ ಮಾಡಿ ಘಟಕ ವ್ಯವಸ್ಥಾಪಕರಿಗೆ ಕೊಡುತ್ತೇನೆ' ಎಂದಾಗುತ್ತದೆ. ವಾಕ್ಯ ಉದ್ದವಾಯಿತು, ಗತ್ತು ಕಡಿಮೆಯಾಯಿತು, ಆದರೆ ಈಗ ಅದು ನಡೆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಬಹುದು.

ಹಾಗೆಯೇ ಹೊತ್ತು. 'ಶೀಘ್ರದಲ್ಲೇ', 'ಆದಷ್ಟು ಬೇಗ', 'ಮುಂದಿನ ದಿನಗಳಲ್ಲಿ' ಇವನ್ನು ತೆಗೆದು ವಾರ ಹಾಕಿ, ದಿನಾಂಕ ಹಾಕಿ. ಹಾಕುವ ಮುಂಚೆ ಕ್ಯಾಲೆಂಡರ್ ನೋಡಿ. ಗೌರಿ ಗಣೇಶದ ರಜೆಯ ವಾರಕ್ಕೋ ಆಂತರಿಕ ಪರೀಕ್ಷೆಯ ವಾರಕ್ಕೋ ದಿನ ಗೊತ್ತು ಮಾಡಿದರೆ ಮೊದಲ ಭರವಸೆಯೇ ಮುಂದಕ್ಕೆ ಹೋಗುತ್ತದೆ.

ವಿನಯ ಎಲ್ಲಿರಬೇಕು

'ಈ ಸ್ಥಾನಕ್ಕೆ ನಾನು ಅರ್ಹಳಲ್ಲ', 'ಎಲ್ಲ ನಿಮ್ಮ ಆಶೀರ್ವಾದ', 'ನಿಮ್ಮ ಪಾದದ ಧೂಳು' ಎಂಬ ಮಾತುಗಳು ವಿನಯದಂತೆ ಕೇಳಿಸುತ್ತವೆ, ಆದರೆ ಕೇಳುಗರ ಮೇಲೆ ಕೆಲಸ ಮಾಡುವುದಿಲ್ಲ. ಮೂರು ದಿನದ ಹಿಂದೆ ತಾನೇ ಅರ್ಹಳೆಂದು ಮತ ಕೇಳಿದವಳು ಈಗ ಅರ್ಹಳಲ್ಲ ಎಂದರೆ ಹಿಂದಿನ ಬೆಂಚಿನವರು ನಗುತ್ತಾರೆ. ವಿನಯಕ್ಕೆ ಮೂರು ಕಡೆ ಸಹಜವಾಗಿ ಜಾಗವಿದೆ. ಮತಗಳ ಸಂಖ್ಯೆಯನ್ನು ಇದ್ದಂತೆ ಹೇಳುವಲ್ಲಿ. ಎದುರು ನಿಂತವರ ಒಂದು ಒಳ್ಳೆಯ ಮಾತನ್ನು ಅವರದೇ ಎಂದು ಒಪ್ಪುವಲ್ಲಿ. ನನ್ನ ಕೈಯಲ್ಲಿಲ್ಲದ್ದು ಇದು ಎಂದು ಬಿಡಿಸಿ ಹೇಳುವಲ್ಲಿ.

ಇನ್ನೊಂದು ಸಣ್ಣ ಜಾಗವೂ ಇದೆ. ವಿದ್ಯಾರ್ಥಿ ಸಂಘಗಳ ಚುನಾವಣೆ ಕುರಿತ ಲಿಂಗ್ಡೊ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಜಾರಿಗೆ ತಂದಿತು. ಅವುಗಳ ಪ್ರಕಾರ ಅಭ್ಯರ್ಥಿಯ ಖರ್ಚಿನ ಮಿತಿ 5,000 ರೂಪಾಯಿ, ಮುದ್ರಿತ ಪೋಸ್ಟರ್ ಹಾಕುವಂತಿಲ್ಲ, ಫಲಿತಾಂಶ ಬಂದ ಎರಡು ವಾರದೊಳಗೆ ಖರ್ಚಿನ ಲೆಕ್ಕ ಕೊಡಬೇಕು. ಲೆಕ್ಕ ಕೊಟ್ಟಿದ್ದರೆ ಅದನ್ನು ಒಂದೇ ವಾಕ್ಯದಲ್ಲಿ ಹೇಳಿ. ಕೊಟ್ಟಿಲ್ಲದಿದ್ದರೆ ಆ ವಾಕ್ಯ ಬೇಡ, ಮೊದಲು ಲೆಕ್ಕ ಕೊಡಿ.

ಬರೆದು ಮುಗಿಸಿದ ಮಾತು

ಈ ಜರಡಿಯಿಂದ ಇಳಿದ ಭಾಷಣ ಹೀಗಿರುತ್ತದೆ. ಎದುರಾಳಿಯ ಹೆಸರನ್ನು ಅದರ ಜಾಗದಲ್ಲಿ ಸೇರಿಸಿಕೊಳ್ಳಿ.

"ಎಲ್ಲರಿಗೂ ನಮಸ್ಕಾರ. ಪ್ರಾಂಶುಪಾಲರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನನ್ನ ಅಧ್ಯಾಪಕರೇ, ಕಚೇರಿಯ ಸಿಬ್ಬಂದಿಯವರೇ, ಗೆಳೆಯ ಗೆಳತಿಯರೇ.

ಈಗ ತಾನೇ ನಾನು ಓದಿದ ಪ್ರಮಾಣದಲ್ಲಿ 'ಪಕ್ಷಪಾತವಿಲ್ಲದೆ' ಎಂಬ ಒಂದು ಪದ ಇತ್ತು. ಅದರ ಲೆಕ್ಕ ನನಗೆ ಸ್ಪಷ್ಟವಾಗಿದೆ. ಹದಿನಾರು ತರಗತಿ ಪ್ರತಿನಿಧಿಗಳಲ್ಲಿ ಒಂಬತ್ತು ಜನ ನನಗೆ ಮತ ಹಾಕಿದರು, ಏಳು ಜನ ಹಾಕಲಿಲ್ಲ. ಯಾರು ಹಾಕಿದರು, ಯಾರು ಹಾಕಲಿಲ್ಲ ಎಂದು ನನಗೆ ಗೊತ್ತಿಲ್ಲ, ತಿಳಿಯಲು ಹೋಗುವುದೂ ಇಲ್ಲ. ಹದಿನಾರು ತರಗತಿಯ ಕೆಲಸವೂ ನನ್ನದು.

ಚುನಾವಣೆಗೆ ಚಾರ್ಟ್ ಹಾಳೆ, ಸ್ಕೆಚ್ ಪೆನ್ನು ಸೇರಿ ನನಗೆ 180 ರೂಪಾಯಿ ಖರ್ಚಾಯಿತು. ಲೆಕ್ಕವನ್ನು ಕಚೇರಿಗೆ ಕೊಟ್ಟಿದ್ದೇನೆ.

ನನ್ನೆದುರು ನಿಂತಿದ್ದ ಬಿ.ಎ. ಅಂತಿಮ ವರ್ಷದ ಗೆಳೆಯರು ಒಂದು ಮಾತು ಹೇಳಿದ್ದರು. ಚೆಂಡು, ನೆಟ್ಟು ಕಾಲೇಜಿನಲ್ಲಿವೆ, ಆದರೆ ಯಾರು ತೆಗೆದುಕೊಂಡರು, ಯಾವಾಗ ತಂದಿಟ್ಟರು ಎಂದು ಬರೆಯುವ ಪುಸ್ತಕ ಇಲ್ಲ. ಅದು ಸರಿಯಾದ ಮಾತು, ನನಗೆ ಹೊಳೆದಿರಲಿಲ್ಲ. ಆ ಪುಸ್ತಕವನ್ನು ಅವರೇ ನೋಡಿಕೊಳ್ಳಬೇಕೆಂದು ಕೇಳಿದ್ದೇನೆ, ಒಪ್ಪಿದ್ದಾರೆ.

ಈಗ ನಾನು ಮಾಡುವ ಕೆಲಸ. ಮೊದಲನೆಯದು, ಮುಂದಿನ ಮಂಗಳವಾರದಿಂದ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ, ಊಟದ ಬಿಡುವಿನಲ್ಲಿ ಗ್ರಂಥಾಲಯದ ಮುಂದಿನ ಮೇಜಿನ ಹತ್ತಿರ ನಾನೂ ಕಾರ್ಯದರ್ಶಿಯೂ ಕೂತಿರುತ್ತೇವೆ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಎಲ್ಲಿ ನಿಂತಿದ್ದೀರೋ ಅಲ್ಲಿಂದ ನೋಡೋಣ. ಬರುವಾಗ ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ತನ್ನಿ. ಪಾಸ್‌ವರ್ಡ್ ಮಾತ್ರ ನಮಗೆ ಹೇಳಬೇಡಿ.

ಎರಡನೆಯದು, ಸಂಜೆ ಗ್ರಂಥಾಲಯವನ್ನು ವಾರಕ್ಕೆ ಎರಡು ದಿನ ಅರ್ಧ ಗಂಟೆ ಹೆಚ್ಚು ತೆರೆದಿಡಬಹುದೇ ಎಂದು ಪ್ರಾಂಶುಪಾಲರಲ್ಲಿ ಬರೆದು ಕೇಳುತ್ತೇನೆ. ತೀರ್ಮಾನ ಅವರದು. ಅವರು ಏನು ಹೇಳಿದರೂ ಈ ತಿಂಗಳ ಕೊನೆಯೊಳಗೆ ಸೂಚನಾ ಫಲಕದಲ್ಲಿ ಹಾಕುತ್ತೇನೆ.

ಮೂರನೆಯದು ಬಟ್ಲಹಳ್ಳಿ, ಕೆಂಚಾರ್ಲಹಳ್ಳಿ ಕಡೆಯವರಿಗೆ. ಸಂಜೆ ಬಸ್ಸಿನ ಹೊತ್ತು ಬದಲಿಸುವುದು ನನ್ನ ಕೈಯಲ್ಲಿಲ್ಲ, ಬದಲಾಗುತ್ತದೆ ಎಂದು ನಾನು ಹೇಳುವುದಿಲ್ಲ. ಎಷ್ಟು ಜನ, ಯಾವ ಸ್ಟಾಪು ಎಂಬ ಪಟ್ಟಿಯನ್ನು ತರಗತಿ ಪ್ರತಿನಿಧಿಗಳ ಜೊತೆ ಸೇರಿ ಹತ್ತು ದಿನದಲ್ಲಿ ಮಾಡಿ, ಘಟಕ ವ್ಯವಸ್ಥಾಪಕರಿಗೆ ಕೊಟ್ಟು ಬರುತ್ತೇನೆ. ನಿಮ್ಮ ತರಗತಿಗೆ ಹಾಳೆ ಬಂದಾಗ ಹೆಸರು ಬರೆಯಿರಿ. ಬರೆಯದಿದ್ದರೆ ಅಷ್ಟು ಜನ ಕಡಿಮೆ ಎಂದೇ ಅವರು ತಿಳಿಯುತ್ತಾರೆ.

ಹೊಸ ಸಭಾಂಗಣದ ಬಗ್ಗೆಯೂ ಪ್ರಚಾರದಲ್ಲಿ ಹೇಳಿದ್ದೆ. ಅದು ಒಂದು ವರ್ಷದಲ್ಲಿ ನನ್ನಿಂದ ಆಗುವುದಲ್ಲ ಎಂದು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಮಂಗಳವಾರ ಊಟದ ಬಿಡುವಿನಲ್ಲಿ ಸಿಗುತ್ತೇನೆ. ನಮಸ್ಕಾರ."

ಇದರಲ್ಲಿ ಹೆಚ್ಚು ಧೈರ್ಯ ಬೇಕಾದ ವಾಕ್ಯ ಸಭಾಂಗಣದ್ದು. ಹೊಡೆದು ಹಾಕಿದ ಭರವಸೆಯನ್ನು ಸುಮ್ಮನೆ ಬಿಟ್ಟುಬಿಟ್ಟರೆ ಅದು ಹೋಗುವುದಿಲ್ಲ, 'ಸಭಾಂಗಣ ಏನಾಯ್ತು?' ಎಂದು ವರ್ಷವಿಡೀ ಬೆನ್ನಿಗೆ ಬೀಳುತ್ತದೆ. ಮೂರು ವಾಕ್ಯದಲ್ಲಿ ಹಿಂದಕ್ಕೆ ತೆಗೆದುಕೊಂಡರೆ ಅಲ್ಲಿಗೆ ಮುಗಿಯಿತು. ಉಳಿದ ಮೂರು ಮಾತಿಗೆ ಅದರಿಂದ ತೂಕವೂ ಬರುತ್ತದೆ.

ಎದುರಾಳಿಯ ವಾಕ್ಯವನ್ನು ಅವರೊಡನೆ ಮೊದಲೇ ಮಾತಾಡದೆ ಬರೆಯಬೇಡಿ. 'ಒಪ್ಪಿದ್ದಾರೆ' ಎಂದ ಕೂಡಲೇ ಸಭೆಯ ನಡುವಿನಿಂದ 'ಯಾವಾಗ?' ಎಂಬ ಕೂಗು ಬಂದರೆ ಮಿಕ್ಕ ಮಾತೆಲ್ಲ ನೀರುಪಾಲು. ಅವರು ಒಪ್ಪದಿದ್ದರೆ ಅವರ ಮಾತು ಸರಿ ಎಂದಷ್ಟೇ ಹೇಳಿ, ಪುಸ್ತಕವನ್ನು ನೀವೇ ಇಡುವುದಾಗಿ ಹೇಳಿ.

'ನೋಡೋಣ' ಎಂಬುದು ಒಂದು ಕಡೆ ಉಳಿದುಕೊಂಡಿದೆ. ಅಲ್ಲಿ ಎದುರಿಗಿರುವವರೂ ನಿಜವಾಗಿಯೇ ಮೇಜಿನ ಹತ್ತಿರ ಕೂರಬೇಕಾಗಿದೆ, ಹಾಗಾಗಿ ನಡೆಯುತ್ತದೆ.

ಅಳೆಯುವುದು, ಕತ್ತರಿಸುವುದು

ಕನ್ನಡದ ಪದಗಳು ಪ್ರತ್ಯಯಗಳನ್ನು ಹೊತ್ತು ಉದ್ದವಾಗಿರುವುದರಿಂದ ಇಂಗ್ಲಿಷ್ ಭಾಷಣಗಳಿಗೆ ಹೇಳುವ ಪದಗಳ ಲೆಕ್ಕ ಇಲ್ಲಿ ಹೊಂದುವುದಿಲ್ಲ. ವೇದಿಕೆಯಲ್ಲಿ ಅವಸರವಿಲ್ಲದೆ ಮಾತಾಡಿದರೆ ನಿಮಿಷಕ್ಕೆ ಸುಮಾರು 80ರಿಂದ 90 ಪದ ಎಂದಿಟ್ಟುಕೊಂಡು ಬರೆಯಿರಿ. ಆಮೇಲೆ ನಿಂತುಕೊಂಡು, ಗಟ್ಟಿಯಾಗಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಿಮ್ಮದೇ ವೇಗ ನೋಡಿ. ಮನಸ್ಸಿನಲ್ಲಿ ಓದಿ ನೋಡಿದ ಹೊತ್ತು ಲೆಕ್ಕಕ್ಕಿಲ್ಲ. ಮನೆಯಲ್ಲಿ ಮೂರೂವರೆ ನಿಮಿಷ ಬಂದರೆ ವೇದಿಕೆಯಲ್ಲಿ ಚಪ್ಪಾಳೆ, ತಡವರಿಕೆ ಸೇರಿ ನಾಲ್ಕು ಆಗುತ್ತದೆ.

ಅತಿಥಿಗಳು ತಡವಾಗಿ ಬಂದು ಕಾರ್ಯಕ್ರಮ ಎಳೆದಾಗ ನಿರೂಪಕರು ಕಿವಿಯಲ್ಲಿ 'ಒಂದೇ ನಿಮಿಷ' ಎನ್ನುವುದು ಸಾಮಾನ್ಯ. ಅದಕ್ಕೆ ಮೊದಲೇ ಸಿದ್ಧರಾಗಿರಿ. ಹಾಳೆಯಲ್ಲಿ ಮೂರು ಕಡೆ ಚೌಕ ಹಾಕಿಡಿ: ಹದಿನಾರು ತರಗತಿಯ ವಾಕ್ಯ, ಮಂಗಳವಾರದ ಮೇಜು, ಬಸ್ಸಿನ ಪಟ್ಟಿ. ಒಂದು ನಿಮಿಷ ಸಿಕ್ಕರೆ ಚೌಕದೊಳಗಿನವನ್ನು ಮಾತ್ರ ಓದಿ. ನಾಲ್ಕು ನಿಮಿಷದ ಮಾತನ್ನು ಒಂದು ನಿಮಿಷದಲ್ಲಿ ಓಡಿಸಲು ಹೋದವರ ಮಾತು ಯಾರಿಗೂ ತಿಳಿಯುವುದಿಲ್ಲ.

ನಾಲಿಗೆ

ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು, ಕಾಲೇಜಿನಲ್ಲಿ ಕನ್ನಡ ಎಂಬವರೇ ಬಹಳ. ಉರ್ದು ಮಾತಾಡುವವರೂ ಇದ್ದಾರೆ. ಭಾಷಣದ ಕನ್ನಡ ಪಠ್ಯಪುಸ್ತಕದಂತಿರಬೇಕು ಎಂದುಕೊಂಡು ಬಾಯಿಗೆ ಹೊಂದದ ಪದ ತುಂಬಿದರೆ ಸಿಕ್ಕಿಬೀಳುವುದು ಅಲ್ಲೇ. 'ಕಾರ್ಯೋನ್ಮುಖಳಾಗಿ' ಎಂಬಲ್ಲಿ ಮೂರು ಸಲ ತಡವರಿಸಿದರೆ 'ಕೆಲಸ ಶುರು ಮಾಡಿ' ಎಂದು ಬದಲಿಸಿ. ಅಕಾರ ಹಕಾರ ಅದಲು ಬದಲಾಗುವ ಅಭ್ಯಾಸವಿದ್ದರೆ ಆ ಪದಗಳನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಈ ಭಾಷಣದಲ್ಲಿ ಹದಿನಾರು, ಹತ್ತು, ಹಾಳೆ, ಅರ್ಧ, ಅರ್ಜಿ, ಆಧಾರ್ ಬರುತ್ತವೆ. ಹಿಂದಿನ ರಾತ್ರಿ ಇಷ್ಟೇ ಪದಗಳನ್ನು ಹತ್ತು ಸಲ ಹೇಳಿಕೊಂಡರೆ ಸಾಕು, ಇಡೀ ಭಾಷಣ ಉರು ಹೊಡೆಯಬೇಕಿಲ್ಲ. 'ಐತೆ', 'ಬತ್ತೀನಿ' ಎಂದು ಒಂದೆರಡು ಕಡೆ ಬಾಯಿ ಜಾರಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ನಿಂತು ತಿದ್ದಿಕೊಳ್ಳಲು ಹೋಗಬೇಡಿ.

ವೇದಿಕೆಯಲ್ಲಿ

ಪ್ರಮಾಣವಚನ ಮುಗಿದ ಕ್ಷಣ ಕೊರಳಿಗೆ ಹಾರ, ಎದೆಗೆ ಬ್ಯಾಡ್ಜು, ಕೈಗೆ ಹೂಗುಚ್ಛ ಬರುತ್ತವೆ, ಫೋಟೊದವರು 'ಈ ಕಡೆ ನೋಡಿ' ಎನ್ನುತ್ತಾರೆ. ಭಾಷಣದ ಹಾಳೆ ಕಳೆದುಹೋಗುವುದು ಈ ಗದ್ದಲದಲ್ಲೇ. ಮೊದಲೇ ಮೈಕಿನ ಪೀಠದ ಮೇಲೆ ಇಟ್ಟರೆ ನಿರೂಪಕರ ಹಾಳೆಗಳ ಜೊತೆ ಸೇರಿ ಮಾಯವಾಗುತ್ತದೆ. ಸೀರೆಯಲ್ಲಿ ಜೇಬಿಲ್ಲ. ಆದ್ದರಿಂದ ಎರಡು ಪ್ರತಿ ಮಾಡಿ, ಒಂದು ನಿಮ್ಮ ಹತ್ತಿರ, ಇನ್ನೊಂದು ಮುಂದಿನ ಸಾಲಿನಲ್ಲಿ ಕೂತ ಕಾರ್ಯದರ್ಶಿಯ ಹತ್ತಿರ ಇರಲಿ. ಹಾರವನ್ನೂ ಹೂಗುಚ್ಛವನ್ನೂ ಕುರ್ಚಿಯ ಮೇಲಿಟ್ಟು ಬರಿಗೈಯಲ್ಲಿ ಮೈಕಿಗೆ ಬನ್ನಿ. ಹಾರ ಮೈಕಿಗೆ ತಾಗಿದರೆ ಗರಗರ ಸದ್ದಾಗುತ್ತದೆ.

ಹಾಳೆ ತೆಳ್ಳಗಿದ್ದರೆ ಕೈ ನಡುಗುವುದು ಕೊನೆಯ ಸಾಲಿಗೂ ಕಾಣುತ್ತದೆ, ವೇದಿಕೆಯ ಫ್ಯಾನಿಗೆ ಹಾರುತ್ತದೆ. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ರಟ್ಟಿಗೆ ಅಂಟಿಸಿ, ಒಂದು ಪಕ್ಕಕ್ಕೆ ಮಾತ್ರ ದಪ್ಪ ಅಕ್ಷರದಲ್ಲಿ ಬರೆದು, ಮೂಲೆಯಲ್ಲಿ ಪುಟ ಸಂಖ್ಯೆ ಹಾಕಿ. ವಾಕ್ಯ ಪುಟದ ಕೊನೆಯಲ್ಲಿ ಮುರಿಯದಂತೆ ನೋಡಿಕೊಳ್ಳಿ. ಮೊಬೈಲ್ ನೋಡಿ ಓದಬೇಡಿ. ಪರದೆ ಆರಿದಾಗ ತಡಕಾಡುವುದು ಒಂದು ಕಡೆ, ನಡುವೆ ಅಮ್ಮನ ಫೋನ್ ಬರುವುದು ಇನ್ನೊಂದು ಕಡೆ.

ಮೈಕು ಬಾಯಿಂದ ಅರ್ಧ ಗೇಣು ದೂರ, ಸ್ವಲ್ಪ ಕೆಳಗಿರಲಿ. ನಿಮಗಿಂತ ಮೊದಲು ಮಾತಾಡಿದವರು ಎತ್ತರದವರಾದರೆ ಮೈಕಿನ ಕಂಬವನ್ನು ಇಳಿಸಿಕೊಳ್ಳಲು ಐದು ಸೆಕೆಂಡ್ ತೆಗೆದುಕೊಳ್ಳಿ, ಯಾರಿಗೂ ಅವಸರವಿಲ್ಲ. ಕುಯ್ಯೆನ್ನುವ ಸದ್ದು ಬಂದರೆ ಮೈಕನ್ನು ಕೈಯಿಂದ ಮುಚ್ಚಬೇಡಿ, ಅದು ಹೆಚ್ಚಾಗುತ್ತದೆ. ಸ್ಪೀಕರಿನ ಎದುರಿನಿಂದ ಪಕ್ಕಕ್ಕೆ ಸರಿಯಿರಿ. ಕರೆಂಟು ಹೋದರೆ ಜನರೇಟರ್ ಬರುವ ತನಕ ನಿಲ್ಲಿ. ಗಂಟಲು ಹರಿದುಕೊಂಡು ಮುಂದುವರಿಸಿದರೆ ದಿನಾಂಕಗಳೇ ಕೇಳಿಸದೆ ಹೋಗುತ್ತವೆ. ಮತ್ತೆ ಶುರುವಾದಾಗ ನಿಂತ ವಾಕ್ಯದ ಮೊದಲಿನಿಂದ ಓದಿ.

ಸಂಖ್ಯೆ, ವಾರ, ಹೊತ್ತು ಬರುವ ಕಡೆ ತಲೆ ಎತ್ತಿ ಹಿಂದಿನ ಸಾಲಿನ ಕಡೆ ನೋಡಿ ನಿಧಾನ ಮಾಡಿ. ಉಳಿದದ್ದನ್ನು ಹಾಳೆ ನೋಡಿ ಓದಿದರೆ ತಪ್ಪಿಲ್ಲ.

ಮರುದಿನ

ಭಾಷಣದ ಎರಡನೆಯ ಪ್ರತಿಯನ್ನು ಬಿಸಾಡಬೇಡಿ. ಅದನ್ನು ಸಂಘದ ನಡಾವಳಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ, ಪಕ್ಕದಲ್ಲಿ ಮೂರು ಗೆರೆ ಎಳೆಯಿರಿ: ಕೆಲಸ, ಹೇಳಿದ ದಿನ, ಆದ ದಿನ. ಮೊದಲ ಸಭೆಯ ವಿಷಯಸೂಚಿ ಬೇರೆ ಬರೆಯಬೇಕಿಲ್ಲ, ಅದೇ ಇದು. ಗ್ರಂಥಾಲಯದ ಕೋರಿಕೆಯನ್ನು ಅದೇ ದಿನ ಬರೆದು ಆವಕ ವಿಭಾಗದಲ್ಲಿ ಕೊಟ್ಟು ನಂಬರು ಹಾಕಿಸಿಕೊಳ್ಳಿ. ತಿಂಗಳ ಕೊನೆಗೆ ಉತ್ತರ ಬಂದಿಲ್ಲದಿದ್ದರೂ ಸೂಚನಾ ಫಲಕದಲ್ಲಿ ಹಾಕಬೇಕಾದದ್ದು ಹಾಕಲೇಬೇಕು: 'ಗ್ರಂಥಾಲಯದ ಹೊತ್ತು: ಇಂಥ ದಿನ ಕೋರಿಕೆ ಕೊಟ್ಟಿದೆ, ಉತ್ತರ ಇನ್ನೂ ಬಂದಿಲ್ಲ, ಮುಂದಿನ ಸೋಮವಾರ ಮತ್ತೆ ವಿಚಾರಿಸುತ್ತೇನೆ.' ಕೆಳಗೆ ಸಹಿ, ದಿನಾಂಕ.